ಬೆಳಗಿನ ಜಾವ ಸೀನಿಯರ್‌ಗೆ ಫೋನ್ ಮಾಡಲು ಹೆದರುವ ಡಾಕ್ಟರು

(ದಾವಣಗೆರೆಯಲ್ಲಿ ಹೌಸ್ ಸರ್ಜನ್‌ಗಳು ಮತ್ತು ಮೊದಲ ವರ್ಷದ ಪಿಜಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಮೆಡಿಕಲ್ ಕಾಲೇಜಿನಲ್ಲಿ ಬೈಸಿಕೊಳ್ಳುವ ವಿಷಯ ತೆಗೆದರೆ ಹಿರಿಯರು "ನಾವೂ ಬೈಸಿಕೊಂಡೇ ಡಾಕ್ಟರಾದದ್ದು" ಅನ್ನುತ್ತಾರೆ. ಕಿರಿಯರು "ಮೂರು ವರ್ಷ ಹೆಂಗೋ ತಳ್ಳಿದರೆ ಆಯ್ತು" ಅನ್ನುತ್ತಾರೆ. ಬೈಗುಳ ಬೈಸಿಕೊಂಡವನ ಮನಸ್ಸಿನಲ್ಲೇ ಉಳಿದುಹೋಗುತ್ತದೆ ಅನ್ನುವ ನಂಬಿಕೆ ಇಬ್ಬರ ಮಾತಿನಲ್ಲೂ ಇದೆ. ಇವತ್ತು ನಾನು ಹೇಳಹೊರಟಿದ್ದು ಅದು ವಾರ್ಡಿನೊಳಗೆ ಹೇಗೆ ಓಡಾಡುತ್ತದೆ, ಯಾವ ಹಾಸಿಗೆಗೆ ಹೋಗಿ ಮುಟ್ಟುತ್ತದೆ ಅಂತ. ಆಮೇಲೆ, ಬೈಸಿಕೊಳ್ಳುತ್ತಲೇ ಕಲಿಯಬೇಕಾದವರು ಏನು ಮಾಡಬಹುದು ಅಂತ.

ನಮ್ಮಲ್ಲಿ ಏಣಿ ಹೇಗಿದೆ ಅಂತ ನಿಮಗೆ ಗೊತ್ತೇ ಇದೆ. ಕೆಳಗೆ ಹೌಸ್ ಸರ್ಜನ್, ಹನ್ನೆರಡು ತಿಂಗಳು. ಅವರ ಮೇಲೆ ಫಸ್ಟ್ ಇಯರ್ ಪಿಜಿ, ಅವರ ಮೇಲೆ ಸೆಕೆಂಡ್ ಇಯರ್, ಥರ್ಡ್ ಇಯರ್, ಸೀನಿಯರ್ ರೆಸಿಡೆಂಟ್, ಅಸಿಸ್ಟೆಂಟ್ ಪ್ರೊಫೆಸರ್, ಯೂನಿಟ್ ಚೀಫ್. ರಾತ್ರಿ ಮಾಹಿತಿ ಹತ್ತಬೇಕಾದ್ದು ಇದೇ ಏಣಿಯನ್ನು. ರೋಗಿಯನ್ನು ಮೊದಲು ನೋಡುವವರು ಕೆಳಗಿನ ಇಬ್ಬರು. ತೀರ್ಮಾನ ಮಾಡುವವರು ಮೇಲಿದ್ದಾರೆ, ಮಲಗಿದ್ದಾರೆ. ಇವರು ಫೋನ್ ಎತ್ತಿಕೊಳ್ಳದಿದ್ದರೆ ಅವರಿಗೆ ವಿಷಯ ತಿಳಿಯುವುದು ಬೆಳಗಿನ ರೌಂಡ್ಸಿನಲ್ಲಿ.

ಇಸ್ರೇಲಿನಲ್ಲಿ ಮಾಡಿದ ಒಂದು ಪ್ರಯೋಗ 2015ರಲ್ಲಿ ಪ್ರಕಟವಾಯಿತು. ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳ 24 ತಂಡಗಳಿಗೆ ಒಂದು ಕೃತಕ ಪ್ರಕರಣ ಕೊಟ್ಟರು. ಅವಧಿಗೆ ಮೊದಲೇ ಹುಟ್ಟಿದ ಮಗು, ಕರುಳಿನ ತೊಂದರೆಯಿಂದ ಹದಗೆಡುತ್ತಿದೆ. ಕೆಲವು ತಂಡಗಳಿಗೆ ಹೊರಗಿನ ಪರಿಣತನೊಬ್ಬ ಅವರ ಕೆಲಸದ ಗುಣಮಟ್ಟದ ಬಗ್ಗೆ ಹಗುರವಾಗಿ ಮಾತಾಡಿದ. ಕೂಗಾಡಲಿಲ್ಲ, ಯಾರ ಹೆಸರನ್ನೂ ಹಿಡಿದು ಬೈಯಲಿಲ್ಲ. ಆದರೂ ಆ ಮಾತು ಕೇಳಿಸಿಕೊಂಡ ತಂಡಗಳು ರೋಗನಿರ್ಣಯದಲ್ಲೂ ಹಿಂದೆ ಬಿದ್ದವು, ಕೈಯ ಕೆಲಸದಲ್ಲೂ ಹಿಂದೆ ಬಿದ್ದವು. ಕಾರಣ ಹುಡುಕಿದಾಗ ಮುಖ್ಯವಾಗಿ ಕಂಡದ್ದು ಎರಡು. ಗೊತ್ತಿದ್ದದ್ದನ್ನು ಒಬ್ಬರಿಗೊಬ್ಬರು ಹೇಳುವುದು ಕಡಿಮೆಯಾಗಿತ್ತು, ಸಹಾಯ ಕೇಳುವುದು ಕಡಿಮೆಯಾಗಿತ್ತು. ನಮ್ಮ ಯೂನಿಟ್‌ಗಳಲ್ಲಿ ನಡೆಯುವುದಕ್ಕೆ ಹೋಲಿಸಿದರೆ ಆ ಪರಿಣತನ ಮಾತು ಸೌಜನ್ಯ ಅಂತಲೇ ಲೆಕ್ಕ.

ಇದನ್ನೇ ನಮ್ಮ ಕಡೆಯ ಒಂದು ಪ್ರಕರಣದಲ್ಲಿ ನೋಡೋಣ. ಇದು ನಾನು ಹೆಣೆದದ್ದು, ಯಾವ ಆಸ್ಪತ್ರೆ ಅಂತ ಹುಡುಕಬೇಡಿ. ಆದರೆ ಇದರ ತುಂಡುಗಳು ನಿಮಗೆಲ್ಲ ಪರಿಚಯದವೇ.

ಮೆಡಿಸಿನ್ ಯೂನಿಟ್ಟಿನ ಒಬ್ಬ ಫಸ್ಟ್ ಇಯರ್ ಪಿಜಿ. ಹೋದ ವಾರದ ಅಡ್ಮಿಷನ್ ಡೇ ರಾತ್ರಿ ಹಾವು ಕಡಿತದ ಒಬ್ಬ ರೈತ ಬಂದಿದ್ದ. ಪಾದದ ಮೇಲೆ ಗೀರು, ಊತ ಇಲ್ಲ, ರಕ್ತ ಸೋರಿಕೆ ಇಲ್ಲ. ಈತ ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಇಟ್ಟ. ಗಾಜಿನ ಟ್ಯೂಬ್ ಕೈಗೆ ಸಿಗಲಿಲ್ಲ ಅಂತ ಪ್ಲಾಸ್ಟಿಕ್ ಟ್ಯೂಬಿನಲ್ಲಿ ಹಾಕಿದ. ಇಪ್ಪತ್ತು ನಿಮಿಷ ಬಿಟ್ಟು ಓರೆ ಮಾಡಿದರೆ ರಕ್ತ ನೀರಿನಂತೆ ಹರಿಯಿತು. ಕೊಳಕುಮಂಡಲದ ವಿಷ ಏರಿದೆ ಅಂತ ಸೆಕೆಂಡ್ ಇಯರ್‌ಗೆ ಫೋನ್ ಮಾಡಿ ಎಬ್ಬಿಸಿದ. ಅವರು ಬಂದು ಟ್ಯೂಬ್ ನೋಡಿದರು. ಲ್ಯಾಬಿನ ರಿಪೋರ್ಟ್ ನಾರ್ಮಲ್ ಬಂತು. ರೋಗಿಯ ಕಡೆಯವರು, ಸಿಸ್ಟರ್, ಹೌಸ್ ಸರ್ಜನ್‌ಗಳು ಎಲ್ಲರ ಎದುರಿಗೆ, "ನಿನಗೆ ಎಂಬಿಬಿಎಸ್ ಕೊಟ್ಟವರು ಯಾರೋ? ಇನ್ನೊಂದು ಸಲ ಇಂಥ ಕೇಸಿಗೆ ಎಬ್ಬಿಸಿದರೆ ನೋಡು" ಅಂದರು. ಬೆಳಗ್ಗೆ ರೌಂಡ್ಸಿನಲ್ಲಿ ಅದೇ ಮಾತು ಇನ್ನೊಮ್ಮೆ, ಈ ಸಲ ನಗುವಿನ ಜೊತೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ಬೈಗುಳದೊಳಗೆ ಕಲಿಯಬೇಕಾದ ಒಂದು ಸಂಗತಿ ಇತ್ತು. ಗಾಜಿನ ಮೇಲ್ಮೈ ತಾಗಿದಾಗ ರಕ್ತದ ಹೆಪ್ಪುಗಟ್ಟುವ ಸರಣಿ ಚುರುಕಾಗುತ್ತದೆ. ಪ್ಲಾಸ್ಟಿಕ್ ಹಾಗೆ ಚುರುಕುಗೊಳಿಸುವುದಿಲ್ಲ. ಡಿಟರ್ಜೆಂಟ್ ಹಾಕಿ ತೊಳೆದ ಗಾಜೂ ಆಗುವುದಿಲ್ಲ. ಹಾಗಾಗಿ ಒಳ್ಳೆಯ ರಕ್ತವೂ ಇಪ್ಪತ್ತು ನಿಮಿಷಕ್ಕೆ ಹೆಪ್ಪುಗಟ್ಟದೆ ಇರಬಹುದು. ಹೊಸದು, ಸ್ವಚ್ಛ, ಒಣಗಿದ ಗಾಜಿನ ಟ್ಯೂಬ್, ಎರಡು ಎಂಎಲ್ ರಕ್ತ, ಇಪ್ಪತ್ತು ನಿಮಿಷ ಅಲುಗಾಡಿಸದೆ ಇಡುವುದು, ಆಮೇಲೆ ಒಂದೇ ಸಲ ಓರೆ ಮಾಡಿ ನೋಡುವುದು. ಇಷ್ಟು ಹೇಳಲು ಅರ್ಧ ನಿಮಿಷ ಸಾಕಿತ್ತು. ಸೆಕೆಂಡ್ ಇಯರ್‌ಗೆ ಇದು ಗೊತ್ತಿತ್ತು, ಹೇಳಲಿಲ್ಲ. ಫಸ್ಟ್ ಇಯರ್ ಆ ರಾತ್ರಿ ಕಲಿತದ್ದು ಬೇರೆಯೇ ಪಾಠ: ಪೂರ್ತಿ ಖಾತ್ರಿಯಾಗುವ ತನಕ ಫೋನ್ ಮಾಡಬಾರದು.

ಒಂದು ವಾರ ಬಿಟ್ಟು ಮತ್ತೆ ಅದೇ ಡ್ಯೂಟಿ. ಬೆಳಗಿನ ಜಾವ ನಾಲ್ಕು ಹತ್ತಕ್ಕೆ ಜಗಳೂರು ತಾಲ್ಲೂಕಿನ ಹಳ್ಳಿಯಿಂದ ಮೂವತ್ತರ ಆಸುಪಾಸಿನ ಹೆಂಗಸನ್ನು ಕರೆತಂದರು. ಎರಡು ಗಂಟೆಗೆ ಹೊಟ್ಟೆನೋವಿನಿಂದ ಎಚ್ಚರವಾಯಿತು, ಎರಡು ಸಲ ವಾಂತಿ. ಹೊಟ್ಟೆ ಮುಟ್ಟಿ ನೋಡಿದರೆ ಮೆತ್ತಗಿದೆ. ಮೈಮೇಲೆ ಗಾಯ ಇಲ್ಲ. ಗ್ಯಾಸ್ಟ್ರಿಕ್ ಇರಬಹುದು ಅಂತ ಇಂಜೆಕ್ಷನ್ ಕೊಟ್ಟು ಮಲಗಿಸಿದರು. ನಾಲ್ಕು ನಲವತ್ತಕ್ಕೆ ಅವಳ ರೆಪ್ಪೆ ಇಳಿದಂತೆ ಕಂಡಿತು. ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದಾಳೆ, ಇರಬಹುದು ಅನ್ನಿಸಿತು. ಆದರೂ ಅನುಮಾನ ಬಂದು ಈ ಸಲ ಗಾಜಿನ ಟ್ಯೂಬಿನಲ್ಲೇ ರಕ್ತ ಇಟ್ಟ. ಐದಕ್ಕೆ ನೋಡಿದರೆ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಆಕ್ಸಿಜನ್ 98. ಸದ್ಯ ಎಬ್ಬಿಸದಿದ್ದದ್ದೇ ಒಳ್ಳೆಯದಾಯಿತು ಅಂದುಕೊಂಡ. ಆರು ಗಂಟೆಗೆ ಸಿಸ್ಟರ್ ಕೂಗಿದರು. ಬಾಯಲ್ಲಿ ಜೊಲ್ಲು ತುಂಬಿ ನುಂಗಲಾಗುತ್ತಿಲ್ಲ, ಮಾತು ಮೂಗಿನಲ್ಲಿ ಬರುತ್ತಿದೆ, ಉಸಿರು ಮೇಲೆ ಮೇಲೆ. ಓಡೋಡಿ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಹಾಕಿದರು. ಬದುಕಿದಳು ಅಂತಲೇ ಇಟ್ಟುಕೊಳ್ಳೋಣ.

ಇದು ಕಟ್ಟುಹಾವಿನ ಕಡಿತ. ಕೆಲವರು ಕಡಂಬಳ ಅನ್ನುತ್ತಾರೆ. ರಾತ್ರಿ ಓಡಾಡುವ ಹಾವು, ನೆಲದ ಮೇಲೆ ಮಲಗಿದವರನ್ನು ಹೆಚ್ಚಾಗಿ ಕಡಿಯುತ್ತದೆ. ಕಡಿದ ಗುರುತು ಕಾಣದೆ ಇರಬಹುದು, ಊತ ಇರುವುದಿಲ್ಲ. ಹೊಟ್ಟೆನೋವು, ವಾಂತಿ ಮೊದಲು ಬರಬಹುದು. ಇದರ ವಿಷ ಹೋಗುವುದು ನರ ಮತ್ತು ಸ್ನಾಯು ಸೇರುವ ಜಾಗಕ್ಕೆ. ನಮ್ಮ ಕಡೆಯ ಕಟ್ಟುಹಾವಿನ ಕಡಿತದಲ್ಲಿ ರಕ್ತದ ಪರೀಕ್ಷೆ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆ, ಅದರಿಂದ ಧೈರ್ಯ ತಂದುಕೊಳ್ಳುವ ಹಾಗಿಲ್ಲ. ಆಕ್ಸಿಜನ್ ಅಂಕಿಯೂ ಕೊನೆಗೆ ಇಳಿಯುವಂಥದ್ದು. ಸ್ನಾಯುಗಳು ಸೋಲುತ್ತಿದ್ದರೂ ಬಹಳ ಹೊತ್ತು 98 ತೋರಿಸುತ್ತಲೇ ಇರುತ್ತದೆ.

ನಾಲ್ಕು ನಲವತ್ತಕ್ಕೆ ಮಾಡಬೇಕಾಗಿದ್ದ ಕೆಲಸಕ್ಕೆ ಯಾವ ಯಂತ್ರವೂ ಬೇಡ. "ರಾತ್ರಿ ಎಲ್ಲಿ ಮಲಗಿದ್ರಿ ಅಮ್ಮಾ, ನೆಲದ ಮೇಲೋ ಮಂಚದ ಮೇಲೋ?" ಅಂತ ಕೇಳಬೇಕು. ಮೇಲಕ್ಕೆ ನೋಡಲು ಹೇಳಬೇಕು. ನಿದ್ದೆಯವರು ಪ್ರಯತ್ನಪಟ್ಟರೆ ರೆಪ್ಪೆ ಎತ್ತುತ್ತಾರೆ. ಇವರು ಹುಬ್ಬು ಎತ್ತುತ್ತಾರೆ, ರೆಪ್ಪೆ ಏಳುವುದಿಲ್ಲ. ದಿಂಬಿನಿಂದ ತಲೆ ಎತ್ತಿ ಹಿಡಿಯಲು ಹೇಳಬೇಕು. ಒಂದು ಉಸಿರು ಎಳೆದುಕೊಂಡು ಒಂದು, ಎರಡು, ಮೂರು ಅಂತ ಎಲ್ಲಿವರೆಗೆ ಎಣಿಸುತ್ತಾರೆ ಅಂತ ಬರೆದುಕೊಂಡು, ಹದಿನೈದು ನಿಮಿಷಕ್ಕೆ ಮತ್ತೆ ಎಣಿಸಬೇಕು. ಮೊದಲು ಇಪ್ಪತ್ತೈದು, ಆಮೇಲೆ ಹದಿನಾಲ್ಕು ಬಂದರೆ ಇಳಿಯುತ್ತಿದೆ ಅಂತ ಅರ್ಥ. ನಾಲ್ಕೂ ಸೇರಿ ಮೂರು ನಿಮಿಷದ ಕೆಲಸ. ಇದರಲ್ಲಿ ಯಾವುದೂ ಈ ಹುಡುಗನಿಗೆ ಗೊತ್ತಿಲ್ಲದ್ದಲ್ಲ. ಅವನು ಆ ಹೊತ್ತಿನಲ್ಲಿ ರೋಗಿಯನ್ನು ನೋಡುತ್ತಿರಲಿಲ್ಲ. ಫೋನ್ ಮಾಡದೆ ಇರಲು ಒಂದು ಕಾರಣ ಹುಡುಕುತ್ತಿದ್ದ, ಟ್ಯೂಬಿನಲ್ಲಿ ಅದು ಸಿಕ್ಕಿತು.

ನೀವು ನಿಮ್ಮಲ್ಲೇ ಗಮನಿಸಬೇಕಾದ ಲಕ್ಷಣ ಇದು. ಒಂದು ರಿಪೋರ್ಟ್ ನಾರ್ಮಲ್ ಬಂದಾಗ "ರೋಗಿಗೆ ಒಳ್ಳೆಯದಾಯಿತು" ಅನ್ನಿಸುವ ಮೊದಲು "ಸದ್ಯ, ಫೋನ್ ಮಾಡೋದು ತಪ್ಪಿತು" ಅನ್ನಿಸಿದರೆ ಅಲ್ಲೇ ನಿಲ್ಲಿ, ವಾಪಸ್ ಹಾಸಿಗೆಯ ಹತ್ತಿರ ಹೋಗಿ ಇನ್ನೊಮ್ಮೆ ಪರೀಕ್ಷೆ ಮಾಡಿ.

ಈಗ ಫೋನಿನ ವಿಷಯ. ಸೀನಿಯರ್ ಬೈಯುತ್ತಾರೆ ಅಂತ ಗೊತ್ತಿದ್ದಾಗ ನಾವು ಮಾತಾಡುವ ರೀತಿಯೇ ಕೆಡುತ್ತದೆ. "ಸರ್, ಸಾರಿ ಸರ್, ಡಿಸ್ಟರ್ಬ್ ಮಾಡಿದೆ, ಒಂದು ಕೇಸ್ ಬಂದಿತ್ತು ಸರ್, ನಾಲ್ಕು ಗಂಟೆಗೆ ಹೊಟ್ಟೆನೋವು ಅಂತ..." ಹೀಗೆ ಶುರುವಾಗುತ್ತದೆ. ನಿದ್ದೆಗಣ್ಣಿನಲ್ಲಿ ಕೇಳುವವರಿಗೆ ಹೊಟ್ಟೆನೋವು ಅನ್ನುವುದು ಮಾತ್ರ ತಲುಪುತ್ತದೆ. "ಪ್ಯಾಂಟಪ್ರಝೋಲ್ ಕೊಡು" ಅಂದು ಇಟ್ಟುಬಿಡುತ್ತಾರೆ. ಆಮೇಲೆ ನೀವು ಇನ್ನೊಮ್ಮೆ ಮಾಡುವುದಿಲ್ಲ.

ಮೊದಲ ವಾಕ್ಯದಲ್ಲೇ ಮೂರು ಸಂಗತಿ ಬರಬೇಕು: ಯಾರು, ಏನು ಅನುಮಾನ, ನಿಮ್ಮಿಂದ ಏನು ಬೇಕು. "ಸರ್, ಕ್ಯಾಶುಯಾಲ್ಟಿಯಿಂದ ಫಸ್ಟ್ ಇಯರ್. ಕಟ್ಟುಹಾವು ಅಂತ ಅನುಮಾನ, ಉಸಿರಾಟ ಸೋಲ್ತಾ ಇದೆ, ನೀವು ಬರಬೇಕು." ಇಷ್ಟಾದ ಮೇಲೆ ಅಂಕಿ: "ನೆಲದ ಮೇಲೆ ಮಲಗಿದ್ದರು, ಎರಡಕ್ಕೆ ಹೊಟ್ಟೆನೋವು. ನಾಲ್ಕು ನಲವತ್ತಕ್ಕೆ ರೆಪ್ಪೆ ಇಳಿದಿದೆ. ಎಣಿಕೆ ಇಪ್ಪತ್ತೈದು ಇದ್ದದ್ದು ಹದಿನಾಲ್ಕು. ಕುತ್ತಿಗೆ ಎತ್ತೋಕೆ ಆಗ್ತಿಲ್ಲ. ಆಕ್ಸಿಜನ್ 98." ಕೊನೆಗೆ ನೀವು ಏನು ಶುರು ಮಾಡುತ್ತಿದ್ದೀರಿ: "ಹತ್ತು ವಯಲ್ ವಿಷನಿರೋಧಕ ಕಲೆಸ್ತಾ ಇದ್ದೀವಿ, ಅಡ್ರಿನಲಿನ್ ಸಿರಿಂಜಿಗೆ ಎಳೆದಿಟ್ಟಿದ್ದೀನಿ, ಅರಿವಳಿಕೆಯವರಿಗೆ ಹೇಳ್ತೀನಿ." ಎಲ್ಲ ಸೇರಿ ಒಂದು ನಿಮಿಷವೂ ಆಗುವುದಿಲ್ಲ. ಫೋನ್ ಮಾಡುವ ಮೊದಲು ಇದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹೆದರಿದ ತಲೆಗೆ ಅಂಕಿ ನೆನಪಿರುವುದಿಲ್ಲ, ಕೈಯಲ್ಲಿ ಚೀಟಿ ಇದ್ದರೆ ದನಿ ನಡುಗಿದರೂ ವಿಷಯ ನಡುಗುವುದಿಲ್ಲ. ಕ್ಷಮೆ ಕೇಳುತ್ತಾ ಶುರು ಮಾಡಬೇಡಿ. ಕ್ಷಮೆ ಕೇಳಿದ ಕೂಡಲೇ ಈ ಕರೆ ತಪ್ಪು ಅಂತ ನೀವೇ ಒಪ್ಪಿಕೊಂಡಂತೆ ಆಯಿತು.

ಅವರು ಬೈದರೆ? ಬೈಗುಳಕ್ಕೆ ಉತ್ತರ ಕೊಡಬೇಡಿ, ಅದೇ ಸಂಗತಿಯನ್ನು ಇನ್ನೂ ಚಿಕ್ಕದಾಗಿ ಇನ್ನೊಮ್ಮೆ ಹೇಳಿ: "ಸರ್, ಎಣಿಕೆ ಹದಿನಾಲ್ಕಕ್ಕೆ ಇಳಿದಿದೆ. ಒಂದು ಗಂಟೆಯಲ್ಲಿ ಟ್ಯೂಬ್ ಬೇಕಾಗಬಹುದು ಅಂತ ನನಗೆ ಭಯ ಇದೆ." ವಿಮಾನದ ಸಿಬ್ಬಂದಿಗೆ ಹೀಗೆ ಎರಡು ಸಲ ಹೇಳುವುದನ್ನು ನಿಯಮವಾಗಿಯೇ ಕಲಿಸುತ್ತಾರೆ. ಎರಡು ಸಲ ಸ್ಪಷ್ಟವಾಗಿ ಹೇಳಿದರೂ ಉತ್ತರ ಸಿಗದಿದ್ದರೆ ಮುಂದಿನ ಮೆಟ್ಟಿಲಿಗೆ ಹೋಗಬೇಕು ಅನ್ನುವುದು ಆ ನಿಯಮದ ಉಳಿದರ್ಧ.

ಆದರೆ ಇಲ್ಲೇ ನಮ್ಮವರು ಸಿಕ್ಕಿಹಾಕಿಕೊಳ್ಳುತ್ತಾರೆ. ಸೆಕೆಂಡ್ ಇಯರ್‌ನ ಬಿಟ್ಟು ಸೀನಿಯರ್ ರೆಸಿಡೆಂಟ್‌ಗೆ ಫೋನ್ ಮಾಡಿದರೆ "ತಲೆ ಮೇಲೆ ಹೋದ" ಅಂತ ಆರು ತಿಂಗಳು ಕೇಳಬೇಕಾಗುತ್ತದೆ. ಒಂದು ದಾರಿ ಇದೆ. ಮೇಲಕ್ಕೆ ಹೋಗುವ ಮೊದಲು ಅಡ್ಡಕ್ಕೆ ಹೋಗಿ. ಉಸಿರಿನ ದಾರಿ ಅರಿವಳಿಕೆ ವಿಭಾಗದ ಕೆಲಸ. ಡ್ಯೂಟಿಯಲ್ಲಿರುವ ಅನಸ್ತೇಶಿಯಾ ಪಿಜಿಯನ್ನು ಕರೆಯುವುದರಿಂದ ನಿಮ್ಮ ಯೂನಿಟ್ಟಿನ ಯಾರ ತಲೆಯನ್ನೂ ದಾಟಿದ ಹಾಗಾಗುವುದಿಲ್ಲ. ಅವರು ಬಂದು ನೋಡಿ "ಇವರನ್ನು ಐಸಿಯುಗೆ ಹಾಕ್ಬೇಕು" ಅಂದರೆ, ಆ ಮಾತು ಈಗ ಇನ್ನೊಂದು ವಿಭಾಗದ್ದು. ಡ್ಯೂಟಿ ಸಿಸ್ಟರ್ ಇನ್ನೊಂದು ದಾರಿ. ಇಪ್ಪತ್ತು ವರ್ಷ ಸರ್ವಿಸ್ ಆದ ಸಿಸ್ಟರ್ ಒಬ್ಬರು "ಡಾಕ್ಟ್ರೇ, ಪೇಶೆಂಟ್ ಚೆನ್ನಾಗಿಲ್ಲ, ಬಂದ್ಬಿಡಿ" ಅಂತ ಫೋನ್ ಮಾಡಿದರೆ ಬರದ ಸೀನಿಯರ್ ಕಡಿಮೆ. ಈ ಇಬ್ಬರೊಂದಿಗೂ ಹಗಲು ಹೊತ್ತಿನಲ್ಲೇ ವಿಶ್ವಾಸ ಬೆಳೆಸಿಕೊಳ್ಳಿ.

ಫೋನ್ ಇಟ್ಟ ಮೇಲೆ ಕೇಸ್ ಶೀಟ್. ಎಷ್ಟು ಗಂಟೆಗೆ ಯಾರಿಗೆ ತಿಳಿಸಿದೆ, ಏನು ಹೇಳಿದೆ, ಏನು ಸಲಹೆ ಬಂತು, ಇಷ್ಟೇ. "ಬರಲು ನಿರಾಕರಿಸಿದರು" ಅಂತ ಬರೆದರೆ ಅದು ಆರೋಪ. "4.55ಕ್ಕೆ ಕರ್ತವ್ಯದಲ್ಲಿರುವ ಎರಡನೇ ವರ್ಷದ ಪಿಜಿಗೆ ತಿಳಿಸಲಾಯಿತು, ನಿಗಾದಲ್ಲಿಡಲು ಸೂಚನೆ, 5.05ಕ್ಕೆ ಎಣಿಕೆ 14, 5.07ಕ್ಕೆ ಅರಿವಳಿಕೆ ವಿಭಾಗಕ್ಕೆ ಕರೆ" ಅಂತ ಬರೆದರೆ ಅದು ದಾಖಲೆ. ಆಗಿಂದಾಗಲೇ ಬರೆಯಬೇಕು. ಬೆಳಗ್ಗೆ ರೌಂಡ್ಸ್ ಮುಗಿದ ಮೇಲೆ ಹಿಂದಿನ ಸಮಯ ಹಾಕಿ ಬರೆದದ್ದು ನಿಮಗೇ ತಿರುಗಿ ಹೊಡೆಯುತ್ತದೆ.

ಇನ್ನು ರೌಂಡ್ಸ್. ಎಲ್ಲರೆದುರು ಬೈಯುವಾಗ ವಿವರಣೆ ಕೊಡಲು ಹೋಗುವುದು ಸಹಜ, ಅದರಿಂದ ಉಪಯೋಗ ಆಗುವುದು ಕಡಿಮೆ. ಚೀಫ್‌ಗೆ ಆ ಹೊತ್ತಿನಲ್ಲಿ ಬೇಕಾದ್ದು ರೋಗಿಗೆ ಮುಂದೇನು ಅಂತ. "ಹೌದು ಸರ್, ಆರು ಗಂಟೆಯ ಪರೀಕ್ಷೆ ಆಗಿಲ್ಲ. ಈಗ ಮಾಡಿಸಿ ಹತ್ತು ಗಂಟೆಗೆ ತಿಳಿಸ್ತೀನಿ" ಅಂದರೆ ಮಾತು ನಿಮ್ಮಿಂದ ಕೆಲಸಕ್ಕೆ ಹೊರಳುತ್ತದೆ. ಆಮೇಲೆ ಹತ್ತು ಗಂಟೆಗೆ ನಿಜವಾಗಿಯೂ ತಿಳಿಸಬೇಕು. ಹೇಳಿದ ಹೊತ್ತಿಗೆ ತಿಳಿಸುವವರನ್ನು ಬೈಯುವುದು ಹಲವು ಯೂನಿಟ್‌ಗಳಲ್ಲಿ ಕ್ರಮೇಣ ಕಡಿಮೆಯಾಗುತ್ತದೆ. ಎಲ್ಲ ಕಡೆ ಅಲ್ಲ. ಬೈಯುವುದನ್ನೇ ಚಟ ಮಾಡಿಕೊಂಡವರಿಗೆ ಈ ಉಪಾಯ ನಡೆಯುವುದಿಲ್ಲ, ಅದು ನಿಮ್ಮ ಕೊರತೆ ಅಂತ ತಿಳಿಯಬೇಡಿ.

ಅವತ್ತೇ ಸಂಜೆ, ಮಲಗುವ ಮೊದಲು, ಒಂದು ನೋಟ್‌ಬುಕ್ಕಿನಲ್ಲಿ ಬೈಗುಳವನ್ನು ಸೋಸಿ. ಪುಟದ ಎಡಕ್ಕೆ ವೈದ್ಯಕೀಯ ಸಂಗತಿ ಮಾತ್ರ. ಮೇಲಿನ ಪ್ರಕರಣದಲ್ಲಾದರೆ, "ರಕ್ತದ ಪರೀಕ್ಷೆಗೆ ಪ್ಲಾಸ್ಟಿಕ್ ಟ್ಯೂಬ್ ಆಗದು, ಯಾಕೆ?" ಉತ್ತರವನ್ನು ಪುಸ್ತಕದಿಂದ ಹುಡುಕಿ ಕೆಳಗೆ ಬರೆಯಿರಿ, ಬೈದವರ ಬಾಯಿಂದ ಬಂದದ್ದನ್ನು ಹಾಗೇ ನಂಬಬೇಡಿ, ಬೈಯುವವರೂ ಎಷ್ಟೋ ಸಲ ತಪ್ಪಿರುತ್ತಾರೆ. ಬಲಕ್ಕೆ ಉಳಿದದ್ದು: "ಎಂಬಿಬಿಎಸ್ ಕೊಟ್ಟವರು ಯಾರು". ಅದರ ಮುಂದೆ ತಾರೀಕು, ಸಮಯ, ಜಾಗ, ಯಾರು ಯಾರು ಇದ್ದರು. ಕೆಲವು ದಿನ ಎಡಗಡೆ ತುಂಬಿರುತ್ತದೆ, ಬಲಗಡೆ ಒಂದು ಸಾಲು. ಅಂಥ ಸೀನಿಯರ್‌ಗಳ ಬಾಯಿ ಕೆಟ್ಟದ್ದು, ಕೈಕೆಳಗೆ ಕಲಿಯಬಹುದು. ತಿಂಗಳುಗಟ್ಟಲೆ ಎಡಗಡೆ ಖಾಲಿ ಇದ್ದು ಬಲಗಡೆಯೇ ತುಂಬುತ್ತಿದ್ದರೆ ಅಲ್ಲಿ ಕಲಿಕೆ ನಡೆಯುತ್ತಿಲ್ಲ. "ಕಷ್ಟಪಟ್ಟರೆ ಕಲಿಯಬಹುದು" ಅಂತ ಸಹಿಸುವುದಕ್ಕೆ ಆಗ ಅರ್ಥ ಉಳಿಯುವುದಿಲ್ಲ. ಈ ಪುಸ್ತಕ ವಾರ್ಡಿಗೆ ಒಯ್ಯಬೇಡಿ, ರೋಗಿಗಳ ಹೆಸರು ಅದರಲ್ಲಿ ಬರೆಯಬೇಡಿ.

ಬಲಗಡೆಯ ಕೆಲವು ಸಾಲುಗಳನ್ನು ಸಹಿಸಲೇಬಾರದು. ಕೈ ಮಾಡುವುದು, ಜಾತಿ ಎತ್ತಿ ಮಾತಾಡುವುದು, ಲೈಂಗಿಕವಾಗಿ ಮಾತಾಡುವುದು ಅಥವಾ ಮುಟ್ಟುವುದು, ಶಿಕ್ಷೆ ಅಂತ ಡ್ಯೂಟಿ ಮೇಲೆ ಡ್ಯೂಟಿ ಹಾಕಿ ನಿದ್ದೆ ಕೊಡದಿರುವುದು, ಲಾಗ್‌ಬುಕ್ ಸಹಿಯನ್ನು ಹಿಡಿದಿಟ್ಟು ಆಟ ಆಡಿಸುವುದು. ಇವಕ್ಕೆ ಬೇರೆ ಬೇರೆ ಬಾಗಿಲುಗಳಿವೆ, ತಪ್ಪು ಬಾಗಿಲು ತಟ್ಟಿದರೆ ಅರ್ಜಿ ಅಲ್ಲೇ ಕೂರುತ್ತದೆ. ಸೀನಿಯರ್ ಪಿಜಿಯೂ ವಿದ್ಯಾರ್ಥಿಯೇ. ಹಾಗಾಗಿ ಅವರು ಮಾಡಿದ್ದು ರ್‍ಯಾಗಿಂಗ್ ನಿಯಮದಡಿ ಬರುತ್ತದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ರ್‍ಯಾಗಿಂಗ್ ತಡೆ ನಿಯಮಗಳಿವೆ, ಕರ್ನಾಟಕ ಶಿಕ್ಷಣ ಕಾಯ್ದೆಯೂ ರ್‍ಯಾಗಿಂಗನ್ನು ಅಪರಾಧ ಅನ್ನುತ್ತದೆ. ಕಾಲೇಜಿನ ಸಮಿತಿಯನ್ನು ದಾಟಿ ಹೋಗಬೇಕೆಂದರೆ ರಾಷ್ಟ್ರೀಯ ಸಹಾಯವಾಣಿ 1800-180-5522. ಬೈದವರು ಅಧ್ಯಾಪಕರಾಗಿದ್ದರೆ ರ್‍ಯಾಗಿಂಗ್ ಅಂತ ಬರೆಯಬೇಡಿ, ಪ್ರಿನ್ಸಿಪಾಲರಿಗೆ, ಕುಂದುಕೊರತೆ ಸಮಿತಿಗೆ ಕೊಡಿ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆಯಡಿ ಆಂತರಿಕ ಸಮಿತಿ ಇದೆ, ದೂರಿಗೆ ಸಾಮಾನ್ಯವಾಗಿ ಮೂರು ತಿಂಗಳ ಗಡುವು. ಜಾತಿ ನಿಂದನೆಗೆ ಪರಿಶಿಷ್ಟ ಜಾತಿ ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ, 1989, ಅದು ಪೊಲೀಸ್ ಠಾಣೆಯ ದಾರಿ.

ಡ್ಯೂಟಿ ಗಂಟೆಗಳ ಬಗ್ಗೆಯೂ ಕಾಗದದ ಮೇಲೆ ಮಾತುಗಳಿವೆ. 1992ರ ಕೇಂದ್ರ ಸರ್ಕಾರದ ರೆಸಿಡೆನ್ಸಿ ಸೂಚನೆ ವಾರಕ್ಕೆ 48 ಗಂಟೆ ಅಂದಿತು. 2023ರ ಪಿಜಿ ನಿಯಮಗಳು ಗಂಟೆ ಹೇಳದೆ, ಸಮಂಜಸವಾದ ಕೆಲಸದ ಅವಧಿ, ವಾರಕ್ಕೊಂದು ರಜೆ ಅನ್ನುತ್ತವೆ. 2024ರಲ್ಲಿ ಆಯೋಗದ ಮಾನಸಿಕ ಆರೋಗ್ಯ ಕಾರ್ಯಪಡೆ 74 ಗಂಟೆ ಮೀರಬಾರದು ಅಂತ ಶಿಫಾರಸು ಮಾಡಿತು. ನಿಮ್ಮ ಡ್ಯೂಟಿ ಪಟ್ಟಿ ಎಷ್ಟು ಹೇಳುತ್ತದೆ ಅಂತ ನಾನು ಕೇಳುವುದಿಲ್ಲ, ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತದೆ.

ದೂರು ಕೊಡದೆ ಇರಲು ನಿಜವಾದ ಕಾರಣ ಕಾನೂನು ತಿಳಿಯದೆ ಇರುವುದಲ್ಲ, ಅದು ನನಗೂ ಗೊತ್ತು. ಥೀಸಿಸ್‌ಗೆ ಸಹಿ ಹಾಕುವವರು ಗೈಡ್. ಪರೀಕ್ಷೆಯ ದಿನ ಎದುರಿಗೆ ಕೂರುವವರು ಇದೇ ವಿಭಾಗದವರು. ಅದಕ್ಕೇ ಒಬ್ಬರೇ ಹೋಗಬೇಡಿ. ಒಂದೇ ಬ್ಯಾಚಿನ ಮೂರು ನಾಲ್ಕು ಜನ, ತಮ್ಮ ತಮ್ಮ ಪುಸ್ತಕದ ಬಲಗಡೆಯ ಸಾಲುಗಳನ್ನು ತಾರೀಕಿನ ಪ್ರಕಾರ ಜೋಡಿಸಿ, ಒಂದೇ ಅರ್ಜಿಯಲ್ಲಿ ಕೊಟ್ಟರೆ ಯಾರ ಮೇಲೆ ಸೇಡು ತೀರಿಸಿಕೊಳ್ಳಬೇಕು ಅನ್ನುವುದು ಸುಲಭವಾಗಿ ತಿಳಿಯುವುದಿಲ್ಲ. ಅರ್ಜಿಯಲ್ಲಿ "ಸದಾ ಅವಮಾನಿಸುತ್ತಾರೆ" ಅನ್ನುವಂಥ ಮಾತು ಬೇಡ. ಯಾವ ತಾರೀಕು, ಎಷ್ಟು ಗಂಟೆ, ಯಾವ ಮಾತು, ಯಾರ ಎದುರು, ಅದರಿಂದ ಯಾವ ಕೆಲಸ ತಡವಾಯಿತು. ಏನು ಬೇಕು ಅನ್ನುವುದನ್ನೂ ಬರೆಯಿರಿ: ಡ್ಯೂಟಿ ಬದಲಾವಣೆಯೋ, ಯೂನಿಟ್ ಬದಲಾವಣೆಯೋ, ಗೈಡ್ ಬದಲಾವಣೆಯೋ. ಏನು ಬೇಕು ಅಂತ ಹೇಳದ ಅರ್ಜಿಗೆ "ಕರೆದು ಬುದ್ಧಿ ಹೇಳಿದ್ದೇವೆ" ಅನ್ನುವ ಉತ್ತರ ಬರುತ್ತದೆ. ಕೊಟ್ಟ ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ಮೊಹರು ಹಾಕಿಸಿಕೊಳ್ಳಿ.

ಇನ್ನೊಂದು ವಿಷಯ, ಇದನ್ನು ಬೇಗ ಹೇಳುತ್ತೇನೆ, ಆದರೆ ಬೇಗ ಮರೆಯಬೇಡಿ. ಡ್ಯೂಟಿ ಇಲ್ಲದ ರಾತ್ರಿಯೂ ನಿದ್ದೆ ಬರುತ್ತಿಲ್ಲ, ಆಸ್ಪತ್ರೆಯ ಗೇಟು ಕಂಡರೆ ಹೊಟ್ಟೆ ತೊಳಸುತ್ತದೆ, ಊಟ ಬೇಡ, ಮನೆಗೆ ಫೋನ್ ಮಾಡಲೂ ಮನಸ್ಸಿಲ್ಲ ಅನ್ನುವುದು ಎರಡು ವಾರ ಮೀರಿದರೆ, ಅದನ್ನು ರೋಗಿಯಲ್ಲಿ ಕಂಡಿದ್ದರೆ ನೀವು ಏನು ಬರೆಯುತ್ತಿದ್ದಿರಿ? ಅದೇ. ನಿಮ್ಮದೇ ಕಾಲೇಜಿನ ಮನೋವೈದ್ಯ ಓಪಿಡಿಯಲ್ಲಿ ನಿಮ್ಮ ಗೆಳೆಯನೇ ಚೀಟಿ ಬರೆಯುತ್ತಿರುತ್ತಾನೆ, ಅಲ್ಲಿಗೆ ಹೋಗಲು ಸಂಕೋಚ ಆಗುವುದು ಸರಿಯೇ. ಬೇರೆ ಆಸ್ಪತ್ರೆಗೆ, ಬೇಕಿದ್ದರೆ ಚಿತ್ರದುರ್ಗಕ್ಕೋ ಶಿವಮೊಗ್ಗಕ್ಕೋ ಹೋಗಿ. ಟೆಲಿ ಮಾನಸ್ 14416 ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಯೋಚನೆ ಬಂದಿದ್ದರೆ ಎರಡು ವಾರ ಕಾಯುವ ಮಾತಿಲ್ಲ. ಅವತ್ತೇ ರೂಮ್‌ಮೇಟ್‌ಗೆ ಹೇಳಿ, ಆ ರಾತ್ರಿ ಒಬ್ಬರೇ ಇರಬೇಡಿ. ನಿಮಗೆ ಔಷಧಿ ಕಪಾಟಿನ ಬೀಗದ ಕೈ ಸಿಗುತ್ತದೆ ಅನ್ನುವ ಕಾರಣಕ್ಕೆ ಇದನ್ನು ಬೇರೆಯವರಿಗಿಂತ ಒತ್ತಿ ಹೇಳುತ್ತಿದ್ದೇನೆ.

ಹಿಂದಿನ ಸಾಲಿನಲ್ಲಿ ಸೆಕೆಂಡ್ ಇಯರ್‌ಗಳೂ ಕೂತಿದ್ದೀರಿ, ಅದಕ್ಕೆ ಸಂತೋಷ. ನಿಮ್ಮನ್ನೂ ನಿದ್ದೆಗೆಡಿಸುತ್ತಾರೆ, ಚೀಫ್ ಬೈದರೆ ಮೊದಲು ಬೀಳುವುದು ನಿಮ್ಮ ಮೇಲೆ, ಗೊತ್ತು. ತಪ್ಪು ಕರೆ ಬಂದಾಗ ನೀವು ಹೇಳುವ ಮೊದಲ ವಾಕ್ಯ ಮಾತ್ರ ಗಮನಿಸಿ. "ಕರೆ ಮಾಡಿದ್ದು ಸರಿ. ಟ್ಯೂಬ್ ಗಾಜಿನದೋ ಪ್ಲಾಸ್ಟಿಕ್ಕೋ?" ಅಂತ ಕೇಳಿದ್ದರೆ ಆ ಹುಡುಗ ಗಾಜಿನ ಟ್ಯೂಬನ್ನೂ ಕಲಿಯುತ್ತಿದ್ದ, ಮುಂದಿನ ವಾರ ನಾಲ್ಕು ನಲವತ್ತಕ್ಕೆ ಫೋನ್ ಕೂಡ ಮಾಡುತ್ತಿದ್ದ. ಕೆಲಸದ ತಪ್ಪಿಗೆ ಗಟ್ಟಿಯಾಗಿಯೇ ಹೇಳಿ, ಅದು ಬೇಡ ಅಂತ ನಾನು ಅನ್ನುವುದಿಲ್ಲ. ರೋಗಿಯ ಕಡೆಯವರ ಎದುರು ಬೇಡ. ಅವರು ನೋಡಿದರೆ ಮತ್ತೆ ಆ ಡಾಕ್ಟರು ಹೇಳಿದ ಔಷಧಿಗೆ ಒಪ್ಪುವುದಿಲ್ಲ, ರಾತ್ರಿಯಿಡೀ ಆ ವಾರ್ಡನ್ನು ನೋಡಿಕೊಳ್ಳಬೇಕಾದವರು ಆ ಡಾಕ್ಟರೇ.

ಕೊನೆಗೆ ಒಬ್ಬರು ಚೀಟಿಯಲ್ಲಿ ಕೇಳಿದ್ದಾರೆ: ಸೀನಿಯರ್ ಫೋನನ್ನೇ ಎತ್ತದಿದ್ದರೆ? ಎರಡು ಸಲ ರಿಂಗ್ ಕೊಡಿ, ಎರಡರ ನಡುವೆ ಎರಡು ನಿಮಿಷ. ಜೊತೆಗೆ "ಉಸಿರಾಟ ಸೋಲ್ತಿದೆ, ಕ್ಯಾಶುಯಾಲ್ಟಿ" ಅಂತ ಮೆಸೇಜ್ ಕಳಿಸಿ. ಡ್ಯೂಟಿ ರೂಮ್ ಹತ್ತಿರ ಇದ್ದರೆ ಹೌಸ್ ಸರ್ಜನ್ ಹೋಗಿ ಬಾಗಿಲು ಬಡಿಯಲಿ, ನೀವು ರೋಗಿಯನ್ನು ಬಿಟ್ಟು ಹೋಗಬೇಡಿ. ಐದು ನಿಮಿಷಕ್ಕೂ ಉತ್ತರ ಇಲ್ಲದಿದ್ದರೆ ಮುಂದಿನವರಿಗೆ ಫೋನ್ ಮಾಡಿ, ಹೀಗೆ ಹೇಳಿ: "ಸರ್, ಸೆಕೆಂಡ್ ಇಯರ್ ಸರ್‌ಗೆ ಎರಡು ಸಲ ಮಾಡಿದೆ, ಸಿಗಲಿಲ್ಲ, ಬಹುಶಃ ಬೇರೆ ಪೇಶೆಂಟ್ ಹತ್ತಿರ ಇದ್ದಾರೆ." ಆ ಕೊನೆಯ ಮಾತು ಸೇರಿಸಲು ಮರೆಯಬೇಡಿ. ನಿಜವಾಗಿಯೂ ಬೇರೆ ಪೇಶೆಂಟ್ ಹತ್ತಿರ ಇರಬಹುದು. ಇಲ್ಲದಿದ್ದರೂ, ಮರುದಿನ ನೀವು ಅವರ ಜೊತೆಗೇ ಕೆಲಸ ಮಾಡಬೇಕು. ಕರೆ ಮಾಡಿದ ಸಮಯಗಳು ನಿಮ್ಮ ಫೋನಿನಲ್ಲಿ ಉಳಿದಿರುತ್ತವೆ, ಕೇಸ್ ಶೀಟಿಗೆ ಅವನ್ನೇ ನೋಡಿ ಬರೆಯಿರಿ.